ಮೊದಲು ಹೇಳಿದ ಸಂಬಳಕ್ಕೆ 'ಆಯ್ತು' ಅನ್ನುವ ಮುಂಚೆ



ಕಳೆದ ವರ್ಷ ಒಂದು ಗುರುವಾರ ರಾತ್ರಿ ನಮ್ಮ ಬಂಟ್ವಾಳ ಕಡೆಯ ಒಬ್ಬ ಹುಡುಗ ನನ್ನ ರೂಮಿಗೆ ಬಂದ. ಬಿ.ಕಾಂ. ಓದಿದವ. ಶಾರ್ಜಾದ ಒಂದು ಕಟ್ಟಡ ಸಾಮಗ್ರಿ ಅಂಗಡಿಯಲ್ಲಿ ಮೂರು ವರ್ಷದಿಂದ ಲೆಕ್ಕ ಬರೆಯುವ ಕೆಲಸ. ದುಬೈಯ ಅಲ್ ಖೂಝ್‌ನಲ್ಲಿ ಒಂದು ಕಂಪನಿಯವರು ಇಂಟರ್ವ್ಯೂ ಮಾಡಿ, ಫೋನಿನಲ್ಲಿ 3,500 ದಿರ್ಹಂ ಹೇಳಿದ್ದರು. ಅವ ಎಣಿಸಿದ್ದು 4,500. "ಕಾಕ, ಈಗ 3,000 ಸಿಗ್ತಾ ಉಂಟು. 500 ಜಾಸ್ತಿ ಆಯ್ತಲ್ಲ, ಹೂಂ ಅಂತ ಹೇಳ್ಲಾ?" ಎಂದು ಕೇಳಿದ. ಭಾನುವಾರದ ಒಳಗೆ ಉತ್ತರ ಕೊಡಬೇಕಿತ್ತು.

ನಾನು ಅವನಿಗೆ ಬೇರೆ ಪ್ರಶ್ನೆ ಕೇಳಿದೆ. "ಅವರು ಈ 3,500 ಎಲ್ಲಿಂದ ತಂದರು?"

ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಕೆದಕಿದಾಗ ವಿಷಯ ಹೊರಬಂತು. ಇಂಟರ್ವ್ಯೂನ ಮೊದಲ ಐದು ನಿಮಿಷದಲ್ಲೇ ಎಚ್‌ಆರ್‌ನವರು "ಈಗ ಎಷ್ಟು ಸಂಬಳ?" ಅಂತ ಕೇಳಿದ್ದಾರೆ. ಇವ "3,000" ಅಂದಿದ್ದಾನೆ. ಅವರು ಅದರ ಮೇಲೆ 500 ಇಟ್ಟಿದ್ದಾರೆ, ಅಷ್ಟೆ. ಇಪ್ಪತ್ತು ವರ್ಷದಿಂದ ಅಕೌಂಟ್ಸ್ ಟೇಬಲ್‌ನ ಈಚೆ ಕೂತು, ಹೊಸಬರಿಗೆ ಎಷ್ಟು ಇಡಬಹುದು ಅಂತ ಮ್ಯಾನೇಜರ್ ಕೇಳಿದಾಗಲೆಲ್ಲ ಲೆಕ್ಕ ಹಾಕಿ ಕೊಟ್ಟವ ನಾನು. ಮೊದಲ ಸಂಖ್ಯೆ ಕಡಿಮೆ ಬರುವುದು ಬಹಳ ಸಲ ಕಂಪನಿಯಲ್ಲಿ ಹಣ ಇಲ್ಲದೆ ಅಲ್ಲ. ನಾವೇ ನಮ್ಮ ಈಗಿನ ಸಂಬಳವನ್ನು ಕಡಿಮೆ ಮಾಡಿ ಹೇಳಿರುತ್ತೇವೆ, ಅದಕ್ಕೆ.

ಕಡಿಮೆ ಮಾಡಿ ಹೇಳುವುದು ಅಂದರೆ ಏನು? ಈ ಹುಡುಗನಿಗೆ ಕೈಗೆ ಸಿಗುವುದು 3,000 ನಿಜ. ಆದರೆ ರೂಮ್ ಕಂಪನಿಯದ್ದು. ಕೆಲಸಕ್ಕೆ ಹೋಗಿ ಬರಲು ಕಂಪನಿಯ ವ್ಯಾನ್. ಹೊಸ ಕಡೆ ಎರಡೂ ಇಲ್ಲ. ಅವ ನೋಡಿಟ್ಟ ಬೆಡ್‌ಸ್ಪೇಸ್‌ಗೆ ತಿಂಗಳಿಗೆ 700, ಬಸ್ಸು-ಮೆಟ್ರೋಗೆ ಸುಮಾರು 300. ಅಂದರೆ ಈಗಿನ ಕೆಲಸದ ನಿಜವಾದ ಬೆಲೆ 4,000. ಹೊಸ ಕಂಪನಿಯ 3,500ರಲ್ಲಿ ಈ 1,000 ಕಳೆದರೆ ಉಳಿಯುವುದು 2,500. ಐನೂರು ಜಾಸ್ತಿ ಅಂತ ಖುಷಿಯಲ್ಲಿದ್ದವನಿಗೆ ಐನೂರು ಕಮ್ಮಿ ಅಂತ ಗೊತ್ತಾದಾಗ ಮುಖ ಸಣ್ಣದಾಯಿತು. ಊರಿಗೆ ತಿಂಗಳು ತಿಂಗಳು ಕಳಿಸುವ ಹಣ ಅವನದ್ದೇ, ತಂಗಿಯ ಕಾಲೇಜ್ ಫೀಸೂ ಅದರಲ್ಲೇ.

ಇನ್ನೂ ಒಂದು ಇತ್ತು. ಅವನಿಗೆ ಮದುವೆಯಾಗಿ ಒಂದು ವರ್ಷ. ಹೆಂಡತಿಯನ್ನು ಕರೆಸಬೇಕು ಅನ್ನುವ ಆಸೆ. ಇಲ್ಲಿ ಕುಟುಂಬಕ್ಕೆ ವೀಸಾ ಮಾಡಿಸಲು ಕನಿಷ್ಠ 4,000 ದಿರ್ಹಂ ಸಂಬಳ ಬೇಕು, ಇಲ್ಲವೆ 3,000 ಸಂಬಳದ ಜೊತೆಗೆ ವಸತಿ ಇರಬೇಕು. ವಸತಿ ಇಲ್ಲದ 3,500ಕ್ಕೆ ಸಹಿ ಹಾಕಿದರೆ ಈ ಎರಡರಲ್ಲಿ ಯಾವುದೂ ಆಗುವುದಿಲ್ಲ. ಸಂಬಳ ಏರಿದೆ ಅಂತ ಊರಲ್ಲಿ ಹೇಳಿ, ಹೆಂಡತಿಯನ್ನು ಕರೆಸಲು ಆಗುವುದಿಲ್ಲ ಅಂತಲೂ ಹೇಳಬೇಕಾದ ಪರಿಸ್ಥಿತಿ.

ಹಾಗಾಗಿ ಮೊದಲ ಕೆಲಸ, ತನ್ನ ಕೆಳಗಿನ ಗೆರೆ ಎಲ್ಲಿ ಅಂತ ಕಾಗದದಲ್ಲಿ ಬರೆದುಕೊಳ್ಳುವುದು. ಅವನ ಲೆಕ್ಕದಲ್ಲಿ 4,000 ಬಂದರೆ ಈಗ ಇದ್ದ ಹಾಗೆಯೇ ಇದ್ದಂತೆ. ಹೊಸ ಜಾಗ, ಹೊಸ ಪ್ರೊಬೇಷನ್, ಹೊಸ ಮ್ಯಾನೇಜರ್ ಇಷ್ಟನ್ನೆಲ್ಲ ಎದುರಿಸಲು ಕನಿಷ್ಠ 200 ಆದರೂ ಮೇಲೆ ಬೇಕು. ಗೆರೆ 4,200ಕ್ಕೆ ನಿಂತಿತು. ಇದನ್ನು ದಿರ್ಹಂನಲ್ಲೇ ಮಾಡಬೇಕು, ರೂಪಾಯಿಗೆ ಗುಣಿಸಬಾರದು. ಎಚ್‌ಆರ್‌ನಲ್ಲಿ ನಮ್ಮ ದೇಶದವರೇ ಇದ್ದರೆ "ಊರಿನ ಲೆಕ್ಕದಲ್ಲಿ ಎಷ್ಟು ದೊಡ್ಡ ಸಂಬಳ ನೋಡಿ" ಅಂತ ಹೇಳುವುದುಂಟು. ನಮ್ಮ ರೂಮ್ ಬಾಡಿಗೆ, ಮೆಸ್, ಮೆಟ್ರೋ ಯಾವುದನ್ನೂ ನಾವು ರೂಪಾಯಿಯಲ್ಲಿ ಕೊಡುವುದಿಲ್ಲವಲ್ಲ.

ಎರಡನೆಯದು, 'ಆಯ್ತು' ಅಥವಾ 'ಬೇಡ' ಅನ್ನುವ ಮುಂಚೆ ಸಂಬಳದ ವಿಂಗಡಣೆ ಕೇಳುವುದು. ಬೇಸಿಕ್ ಎಷ್ಟು, ಮನೆ ಬಾಡಿಗೆ ಎಷ್ಟು, ಸಾರಿಗೆ ಎಷ್ಟು, ಟಿಕೆಟ್ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ. ಇದನ್ನು ಕೇಳಲು ಯಾರಿಗೂ ನಾಚಿಕೆ ಬೇಡ, ಯಾವ ಕಂಪನಿಯೂ ಇದಕ್ಕೆ ಸಿಟ್ಟಾಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಹುಡುಗ ಮೆಸೇಜ್ ಹಾಕಿದ: ಕೆಲಸ ಇಷ್ಟವಾಗಿದೆ, ಧನ್ಯವಾದ, ವಿಂಗಡಣೆ ಕಳಿಸಿದರೆ ನೋಡಿ ಸೋಮವಾರ ಉತ್ತರ ಕೊಡುತ್ತೇನೆ ಅಂತ. ಭಾನುವಾರ ಅಂದವರು ಸೋಮವಾರಕ್ಕೆ ಒಪ್ಪಿದರು. ವಿಂಗಡಣೆ ಬಂತು: ಬೇಸಿಕ್ 1,200, ಬಾಡಿಗೆ 1,300, ಸಾರಿಗೆ 500, ಇತರೆ 500. ಟಿಕೆಟ್ ಎರಡು ವರ್ಷಕ್ಕೊಮ್ಮೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ನಮ್ಮವರು ಅತಿ ಹೆಚ್ಚು ಕಳೆದುಕೊಳ್ಳುವುದು ಈ ಬೇಸಿಕ್ ಅನ್ನುವ ಒಂದು ಸಾಲಿನಲ್ಲಿ. ತಿಂಗಳ ಕೊನೆಗೆ ಬ್ಯಾಂಕಿಗೆ ಬರುವ ಮೊತ್ತ ಒಂದೇ ಆದ ಕಾರಣ ಯಾರೂ ಅದನ್ನು ನೋಡುವುದಿಲ್ಲ. ಆದರೆ ಇಲ್ಲಿನ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಬೇಸಿಕ್ ಮೇಲೆ ಮಾತ್ರ. ಒಂದು ವರ್ಷ ಪೂರೈಸಿದವನಿಗೆ ಮೊದಲ ಐದು ವರ್ಷಗಳ ತನಕ ವರ್ಷಕ್ಕೆ 21 ದಿನದ ಬೇಸಿಕ್, ಅದರ ನಂತರದ ವರ್ಷಗಳಿಗೆ 30 ದಿನದ್ದು. ಕೆಲಸ ಬಿಡುವಾಗ ಉಳಿದ ರಜೆಯ ಹಣವೂ ಬೇಸಿಕ್ ಮೇಲೆ. ಓವರ್‌ಟೈಮ್ ಕೂಡ ಬೇಸಿಕ್‌ನ ಗಂಟೆ ಲೆಕ್ಕಕ್ಕೆ ಕನಿಷ್ಠ ಶೇ. 25 ಸೇರಿಸಿ ಕೊಡುವುದು.

ಬೇಸಿಕ್ 1,200 ಅಂದರೆ ದಿನಕ್ಕೆ 40 ದಿರ್ಹಂ. 21 ದಿನಕ್ಕೆ 840. ಐದು ವರ್ಷಕ್ಕೆ 4,200. ಅದೇ ಒಟ್ಟು ಸಂಬಳದಲ್ಲಿ ಬೇಸಿಕ್ 1,800 ಅಂತ ಬರೆದರೆ ದಿನಕ್ಕೆ 60, ವರ್ಷಕ್ಕೆ 1,260, ಐದು ವರ್ಷಕ್ಕೆ 6,300. ಕಂಪನಿಗೆ ಇವತ್ತು ಒಂದು ದಿರ್ಹಂ ಕೂಡ ಹೆಚ್ಚು ಖರ್ಚಿಲ್ಲ, ನಮಗೆ ಹೊರಡುವ ದಿನ 2,100 ಹೆಚ್ಚು. ತಿಂಗಳ ಬಜೆಟ್ ಮುಟ್ಟದೆ ಕೊಡಬಹುದಾದ್ದರಿಂದಲೇ, ಮೊತ್ತ ಏರಿಸಲು ಒಪ್ಪದ ಮ್ಯಾನೇಜರ್ ಕೂಡ ಇದಕ್ಕೆ ಒಪ್ಪುವುದನ್ನು ನಾನು ನೋಡಿದ್ದೇನೆ. ನಮ್ಮ ಹುಡುಗನ ಹಳೇ ಕೆಲಸದಲ್ಲಿ ಬೇಸಿಕ್ 1,500 ಇತ್ತು. ಹೊಸ ಕಡೆ ಒಟ್ಟು ಸಂಬಳ ಏರಿ ಬೇಸಿಕ್ ಇಳಿದಿತ್ತು, ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮೂರನೆಯದು ಕೇಳುವ ಮಾತು. "ಸ್ವಲ್ಪ ಜಾಸ್ತಿ ಮಾಡಿ ಸರ್" ಅಂದರೆ 100 ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಒಂದು ಸಂಖ್ಯೆ ಹೇಳಬೇಕು, ಅದಕ್ಕೆ ಕಾರಣ ಹೇಳಬೇಕು. ಕಾರಣ ನಮ್ಮ ಮನೆಯ ಕಷ್ಟ ಆಗಬಾರದು. ತಂಗಿಯ ಫೀಸು, ಮನೆ ಕಟ್ಟಿದ ಸಾಲ ಎಲ್ಲ ನಿಜವೇ, ಆದರೆ ಎಚ್‌ಆರ್‌ನವರು ಅದನ್ನು ತಮ್ಮ ಬಾಸ್‌ಗೆ ತೋರಿಸಿ ಹಣ ಮಂಜೂರು ಮಾಡಿಸಲು ಆಗುವುದಿಲ್ಲ. ಅವರ ಕೈಗೆ ನಾವು ಕೊಡಬೇಕಾದ್ದು, ಅವರು ಮೇಲೆ ಹೋಗಿ ಹೇಳಬಹುದಾದ ಮಾತು.

ಇವನ ಹತ್ತಿರ ಅಂಥ ಮಾತು ಇತ್ತು, ಅವನಿಗೇ ಗೊತ್ತಿರಲಿಲ್ಲ. ಇಲ್ಲಿ 2018ರ ಜನವರಿಯಿಂದ ಶೇ. 5ರ ವ್ಯಾಟ್ ಉಂಟು. 2023ರ ಜೂನ್‌ನಿಂದ ಈಚೆಗೆ ಶುರುವಾದ ಲೆಕ್ಕದ ವರ್ಷಗಳಿಗೆ ಕಾರ್ಪೊರೇಟ್ ಟ್ಯಾಕ್ಸ್ ಕೂಡ ಬಂದಿದೆ. ಸಣ್ಣ ಕಂಪನಿಗಳು ವ್ಯಾಟ್ ರಿಟರ್ನ್‌ಗೆ ಹೊರಗಿನವರಿಗೆ ಹಣ ಕೊಟ್ಟು ಮಾಡಿಸುತ್ತವೆ. ಇವ ಮೂರು ವರ್ಷದಿಂದ ಅಂಗಡಿಯ ವ್ಯಾಟ್ ರಿಟರ್ನ್ ತಾನೇ ತಯಾರು ಮಾಡಿ ಹಾಕುತ್ತಿದ್ದ, ಒಂದು ಸಲವೂ ದಂಡ ಬಿದ್ದಿಲ್ಲ. ಬಯೋಡಾಟಾದಲ್ಲಿ "ಟ್ಯಾಲಿ ಗೊತ್ತು" ಅಂತ ಮಾತ್ರ ಬರೆದಿದ್ದ, ಮಾರಾಯ!

ಸೋಮವಾರ ಅವ ಕಳಿಸಿದ ಇ-ಮೇಲ್‌ನ ಸಾರ ಇಷ್ಟು: "ಇಂಟರ್ವ್ಯೂನಲ್ಲಿ ನಾನು ಹೇಳಿದ 3,000 ಕೈಗೆ ಬರುವ ಹಣ ಮಾತ್ರ, ಜೊತೆಗೆ ರೂಮ್ ಮತ್ತು ವಾಹನ ಇದೆ, ಎಲ್ಲ ಸೇರಿ ಸುಮಾರು 4,000. ನಿಮ್ಮಲ್ಲಿ ವ್ಯಾಟ್ ರಿಟರ್ನ್ ಮತ್ತು ತಿಂಗಳ ಕ್ಲೋಸಿಂಗ್ ಎರಡನ್ನೂ ನಾನು ನೋಡಿಕೊಳ್ಳಬಲ್ಲೆ, ಮೂರು ವರ್ಷದಿಂದ ಮಾಡುತ್ತಿದ್ದೇನೆ. 4,600 ಸಂಬಳ, ಅದರಲ್ಲಿ ಬೇಸಿಕ್ 2,000 ಆದರೆ ನಾನು ಈ ವಾರವೇ ಸಹಿ ಹಾಕಲು ತಯಾರಿದ್ದೇನೆ." ಅಷ್ಟೆ. ಸುಳ್ಳಿಲ್ಲ. ಬೇರೆ ಕಡೆ 5,000ದ ಆಫರ್ ಉಂಟು ಅಂತ ಬರೆಯೋಣವಾ ಅಂತ ಕೇಳಿದ್ದ, ನಾನು ಬೇಡ ಅಂದೆ. ಆ ಪತ್ರ ತೋರಿಸಿ ಅಂದರೆ ಎಲ್ಲಿಂದ ತರುವುದು? ಈಗಿನ ಸಂಬಳ ಏರಿಸಿ ಹೇಳುವುದೂ ಹಾಗೆಯೇ. ಸಂಬಳ ಬ್ಯಾಂಕ್ ಮೂಲಕವೇ ಬರುವ ಊರಿದು, ಮೂರು ತಿಂಗಳ ಸ್ಟೇಟ್‌ಮೆಂಟ್ ಕೇಳಿದರೆ ಮುಗಿಯಿತು.

ಇ-ಮೇಲ್ ಕಳಿಸುವ ಮುಂಚೆ ಒಂದು ಅಡ್ಡಿ ಇತ್ತು. ಇದು ನಮ್ಮವರಿಗೆ ಮಾತ್ರ ಅರ್ಥವಾಗುವ ಅಡ್ಡಿ. ಆ ಕಂಪನಿಗೆ ಇವನ ಬಯೋಡಾಟಾ ಕೊಟ್ಟದ್ದು ಅಲ್ಲೇ ಸ್ಟೋರ್‌ನಲ್ಲಿರುವ ನಮ್ಮೂರಿನ ಹಿರಿಯರು. "ಅವರು ಹೇಳಿ ಆದ ಕೆಲಸ, ಈಗ ಸಂಬಳಕ್ಕೆ ಜಗ್ಗಾಡಿದರೆ ಅವರ ಮರ್ಯಾದೆ ಏನಾಗ್ತದೆ?" ಅಂತ ಹುಡುಗ. ನಾನು ನೋಡಿದ ಹಾಗೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಕಡಿಮೆ ಸಂಬಳಕ್ಕೆ ಸಹಿ ಹಾಕುವುದು ಕಂಪನಿಗೆ ಹೆದರಿ ಅಲ್ಲ, ಕೆಲಸ ಹೇಳಿಕೊಟ್ಟವರ ದಾಕ್ಷಿಣ್ಯಕ್ಕೆ. ಉಪಾಯ ಸುಲಭ ಉಂಟು. ಕಂಪನಿಗೆ ಬರೆಯುವ ಮುಂಚೆ ಅವರಿಗೇ ಫೋನ್ ಮಾಡುವುದು. ಹುಡುಗ ಮಾಡಿದ. ಹಿರಿಯರು ನಕ್ಕು, "ಕೇಳು ಮಗನೇ. ಹಿಂದಿನ ಅಕೌಂಟೆಂಟ್ ಹೋಗುವಾಗ ನಾಲ್ಕು ಚಿಲ್ಲರೆ ತೆಗೀತಿದ್ದ" ಅಂದರಂತೆ. ದಾಕ್ಷಿಣ್ಯ ಅಂತ ಯಾರಿಗೆ ಹೇಳದೆ ಇದ್ದನೋ, ಬೇಕಾದ ಸುದ್ದಿ ಅವರ ಹತ್ತಿರವೇ ಇತ್ತು. ಕೆಲಸ ಹೇಳಿಕೊಟ್ಟವರೇ ಸಂಬಳವನ್ನೂ ಮಾತಾಡಿ ಮುಗಿಸುವುದು ಮಾತ್ರ ಬೇಡ. ಅವರೂ ಅಲ್ಲಿ ನೌಕರರೇ.

ಮಂಗಳವಾರ ಎಚ್‌ಆರ್‌ನಿಂದ ಫೋನ್. "ನಮ್ಮ ಬಜೆಟ್ 3,800." ಇವ ಮೊದಲೇ ಬರೆದುಕೊಂಡಿದ್ದ ಹಾಗೆ "ಧನ್ಯವಾದ ಸರ್, ಆದರೆ 3,800ಕ್ಕೆ ಬಂದರೆ ನನಗೆ ಈಗಿನದ್ದಕ್ಕಿಂತ ಕಮ್ಮಿ ಆಗುತ್ತದೆ" ಅಂತ ಹೇಳಿ ಸುಮ್ಮನಾದ. ಆ ಸುಮ್ಮನಾಗುವುದು ಬಹಳ ಕಷ್ಟ. ಮೌನ ತುಂಬಲು ನಾವೇ "ಪರವಾಗಿಲ್ಲ ಸರ್, 4,000 ಆದ್ರೂ ಸಾಕು" ಅಂದುಬಿಡುತ್ತೇವೆ. ಇವ ಅನ್ನಲಿಲ್ಲ. ಆ ಕಡೆಯಿಂದಲೇ 4,000 ಬಂತು, ಅದರ ಮೇಲೆ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದರು.

4,000 ಗೆರೆಯಿಂದ 200 ಕೆಳಗೆ. ಇಲ್ಲಿ ಎದ್ದು ಹೋಗುವವರು ಇದ್ದಾರೆ, ಬಾಯಿಮುಚ್ಚಿ ಒಪ್ಪುವವರೂ ಇದ್ದಾರೆ. ಇವ ತಿಂಗಳ ಮೊತ್ತ ಬಿಟ್ಟು ಉಳಿದದ್ದನ್ನು ಕೇಳಿದ: ಬೇಸಿಕ್ 1,800, ಟಿಕೆಟ್ ಪ್ರತಿ ವರ್ಷ, ಆರು ತಿಂಗಳ ಪ್ರೊಬೇಷನ್ ಮುಗಿದ ಮೇಲೆ 4,300, ಮತ್ತು ಇದು ಆಫರ್ ಲೆಟರ್‌ನಲ್ಲೇ ಬರಬೇಕು. ಎರಡು ದಿನ ಬಿಟ್ಟು ಮೂರಕ್ಕೂ ಒಪ್ಪಿಗೆ ಬಂತು. ಲೆಕ್ಕ ಹಾಕಿ ನೋಡಿ. ಆರು ತಿಂಗಳು 4,000, ಆರು ತಿಂಗಳು 4,300, ಮೊದಲ ವರ್ಷದ ಸರಾಸರಿ 4,150. ಮಂಗಳೂರಿಗೆ ಹೋಗಿ ಬರುವ ಟಿಕೆಟ್ 1,200 ಅಂತ ಹಿಡಿದರೆ, ಎರಡು ವರ್ಷದಲ್ಲಿ ಒಂದು ಹೆಚ್ಚಿನ ಟಿಕೆಟ್ ಸಿಕ್ಕಂತೆ, ತಿಂಗಳಿಗೆ 50. ಸರಿಯಾಗಿ 4,200ರ ಗೆರೆಗೆ ಬಂದು ಮುಟ್ಟಿತು. ಎರಡನೇ ವರ್ಷದಿಂದ ಅದರ ಮೇಲೆ. ಕುಟುಂಬ ವೀಸಾದ 4,000ವೂ ಮೊದಲ ತಿಂಗಳಿಂದಲೇ ಆಯಿತು.

ಈ "ಪ್ರೊಬೇಷನ್ ಮುಗಿದ ಮೇಲೆ ನೋಡೋಣ" ಅನ್ನುವ ಮಾತು ಬಾಯಲ್ಲಿ ಮಾತ್ರ ಇದ್ದರೆ ಅದಕ್ಕೆ ಬೆಲೆ ಇಲ್ಲ. ಹೇಳಿದ ಮ್ಯಾನೇಜರ್ ಆರು ತಿಂಗಳಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾನೆ. "ಈಗ ಸೇರಿ, ಸರಿ ಬರದಿದ್ದರೆ ಹಾರಿದರಾಯ್ತು" ಅಂತ ಯೋಚಿಸುವ ಯುವಕರೂ ತಿಳಿದಿರಲಿ: ಪ್ರೊಬೇಷನ್‌ನಲ್ಲಿ ಇದೇ ದೇಶದ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಬೇರೆ ಒಪ್ಪಂದ ಇಲ್ಲದಿದ್ದರೆ ಹಳೇ ಕಂಪನಿ ನಮ್ಮನ್ನು ತೆಗೆದುಕೊಳ್ಳಲು ಮಾಡಿದ ಖರ್ಚನ್ನು ಹೊಸ ಕಂಪನಿ ಭರಿಸಬೇಕು. ಆ ಖರ್ಚು ತಲೆ ಮೇಲೆ ಇರುವವನನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ಎಡವಿದ್ದು ಕಾಗದದಲ್ಲಿ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಬಂದ ಪತ್ರ ಸರಿ ಇತ್ತು. ಆದರೆ ವರ್ಕ್ ಪರ್ಮಿಟ್‌ಗೆ ಲೆಕ್ಕಕ್ಕೆ ಬರುವುದು ಕಾರ್ಮಿಕ ಸಚಿವಾಲಯದ, ನಾವು ಮೊಹ್ರೆ ಅನ್ನುವ ಇಲಾಖೆಯ, ಆಫರ್ ಫಾರ್ಮ್. ಅದರಲ್ಲಿ ಒಟ್ಟು 4,000 ಸರಿ, ಬೇಸಿಕ್ ಮಾತ್ರ ಮತ್ತೆ 1,200! ಮೋಸ ಅಂತ ನಾನು ಹೇಳುವುದಿಲ್ಲ, ಪಿಆರ್‌ಒ ಹಳೇ ಫೈಲ್ ನೋಡಿ ತುಂಬಿಸಿದ್ದಿರಬಹುದು. ಹುಡುಗ ಸಹಿ ಹಾಕದೆ, ಎರಡೂ ಕಾಗದದ ಫೋಟೋ ಒಟ್ಟಿಗೆ ಇಟ್ಟು ಕಳಿಸಿದ. ಎರಡು ದಿನದಲ್ಲಿ ತಿದ್ದಿ ಬಂತು. ಆ ಫಾರ್ಮ್ ಅರೇಬಿಕ್, ಇಂಗ್ಲಿಷ್ ಅಲ್ಲದೆ ಹಿಂದಿ, ಮಲಯಾಳಂ, ಉರ್ದುವಿನಲ್ಲೂ ಸಿಗುತ್ತದೆ, ಓದಲು ಬರುವ ಭಾಷೆಯಲ್ಲಿ ಕೇಳಿ. ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು ಇದು ತಿದ್ದಿ ಬಂದ ಮೇಲೆಯೇ. ಮುಂಚೆ ಕೊಟ್ಟಿದ್ದರೆ ಆ ಬೇಸಿಕ್ ಬಗ್ಗೆ ಕೇಳುವ ಧೈರ್ಯ ಅವನಿಗೆ ಇರುತ್ತಿರಲಿಲ್ಲ. ವೀಸಾ ಖರ್ಚು ಅಂತ ಸಂಬಳದಿಂದ ಹಿಡಿಯುವ ಮಾತು ಪತ್ರದಲ್ಲಿ ಎಲ್ಲಾದರೂ ಇದೆಯಾ ಅಂತಲೂ ನೋಡಿದೆವು. ಆ ಖರ್ಚು ಕಾನೂನಿನ ಪ್ರಕಾರ ಕಂಪನಿಯದ್ದೇ.

ಎಲ್ಲರಿಗೂ ಇಷ್ಟು ಜಾಗ ಇರುವುದಿಲ್ಲ, ಅದೂ ನನಗೆ ಗೊತ್ತು. ಈ ಹುಡುಗನಿಗೆ ಕೈಯಲ್ಲಿ ಒಂದು ಕೆಲಸ ಇತ್ತು, ಕಾಯಬಹುದಿತ್ತು. ವಿಸಿಟ್ ವೀಸಾದಲ್ಲಿ ಬಂದು ಹತ್ತು ದಿನ ಉಳಿದಿರುವವನಿಗೆ, ಅವಧಿ ದಾಟಿದರೆ ದಿನಕ್ಕೆ 50 ದಿರ್ಹಂ ದಂಡ ಕಣ್ಣೆದುರು ಇರುವಾಗ, 4,600 ಕೇಳು ಅಂತ ನಾನು ಹೇಳಲಾರೆ. ಅವನು ಕೂಡ ವಿಂಗಡಣೆ ಕೇಳಬಹುದು, ಬೇಸಿಕ್ ಸ್ವಲ್ಪ ಏರಿಸಿ ಅನ್ನಬಹುದು, ಪ್ರೊಬೇಷನ್ ನಂತರದ ಸಂಬಳವನ್ನು ಬರೆಸಿಕೊಳ್ಳಬಹುದು. ನಲವತ್ತು ಜನರನ್ನು ಒಂದೇ ರೇಟಿಗೆ ತೆಗೆದುಕೊಳ್ಳುವ ಕಡೆ, ಸೈಟಿನಲ್ಲಿ, ವೇರ್‌ಹೌಸಿನಲ್ಲಿ, ಒಬ್ಬನಿಗೆ ಮಾತ್ರ ರೇಟ್ ಬದಲಿಸುವುದಿಲ್ಲ. ಅಲ್ಲಿ ಕೇಳಬೇಕಾದ್ದು ಬೇರೆ: ಊಟ ಕಂಪನಿಯದ್ದೋ ನಮ್ಮದೋ, ದಿನಕ್ಕೆ ಎಂಟು ಗಂಟೆ ಮೀರಿದರೆ ಓವರ್‌ಟೈಮ್ ಬರೆಯುತ್ತಾರೋ ಇಲ್ಲವೋ. 1,000 ಬೇಸಿಕ್‌ನವನಿಗೆ ಗಂಟೆಗೆ ನಾಲ್ಕು ದಿರ್ಹಂ ಚಿಲ್ಲರೆ, ಶೇ. 25 ಸೇರಿಸಿದರೆ ಐದು ಚಿಲ್ಲರೆ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ 26 ದಿನ ಅಂದರೆ ಸುಮಾರು 270. ಇದು ಸಂಬಳದಲ್ಲಿ ಸೇರಿದೆ ಅಂತ ಹೇಳುವ ಮೇಸ್ತ್ರಿ ಸಿಕ್ಕರೆ, ಎಲ್ಲಿ ಬರೆದಿದೆ ತೋರಿಸಿ ಅಂತ ಮೆಲ್ಲಗೆ ಕೇಳಿ.

ಊರಿನಲ್ಲಿ ಇದನ್ನು ಓದುತ್ತಿರುವ ಉಮ್ಮಂದಿರಿಗೂ ಹೆಂಡತಿಯರಿಗೂ ಒಂದು ವಿನಂತಿ. ಮಗ, ಗಂಡ "ಆಫರ್ ಬಂದಿದೆ, ಇನ್ನೂ ಹೂಂ ಹೇಳಿಲ್ಲ" ಅಂದರೆ "ಕೈಗೆ ಬಂದದ್ದು ಬಿಡಬೇಡ" ಅಂತ ಅದೇ ರಾತ್ರಿ ಒತ್ತಾಯ ಮಾಡಬೇಡಿ. ಮೂರು-ನಾಲ್ಕು ದಿನ ಕೊಡಿ. ನಮ್ಮ ಹುಡುಗನ ಉಮ್ಮ ಆ ವಾರ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು, ಅವ ಎತ್ತಲಿಕ್ಕೇ ಹೆದರುತ್ತಿದ್ದ.

ಏಳನೇ ತಿಂಗಳ ಸಂಬಳ ಅವನಿಗೆ 4,000ವೇ ಬಂತು. ಯಾರಿಗೂ ನೆನಪಿರಲಿಲ್ಲ. ಆಫರ್ ಲೆಟರ್‌ನ ಆ ಸಾಲಿನ ಕೆಳಗೆ ಗೆರೆ ಎಳೆದು ಎಚ್‌ಆರ್‌ಗೆ ಕಳಿಸಿದ. ಮರು ತಿಂಗಳು 4,600 ಬಂತು, ಹಿಂದಿನ ಬಾಕಿ 300 ಸೇರಿ. ಬ್ಯಾಂಕ್ ಮೆಸೇಜಿನ ಫೋಟೋ ನನಗೆ ಕಳಿಸಿದ್ದ, ಕೆಳಗೆ "ಕಾಕ, ಕೇಳಿದ 4,600 ಒಂದು ತಿಂಗಳಾದರೂ ಬಂತು" ಅಂತ ಬರೆದು.